ಟಿ.ಬಿ. ಮಾತ್ರೆ ನುಂಗಿದರೂ ತೂಕ ಏರದಿದ್ದರೆ?



ಟಿ.ಬಿ. ಕಾಯಿಲೆಯ ಮಾತು ಬಂದಾಗಲೆಲ್ಲ ಮನೆಯವರು ಕೇಳುವ ಮೊದಲ ಪ್ರಶ್ನೆ, "ರೋಗಿಗೆ ಏನು ತಿನ್ನಿಸಬೇಕು?" ಎಂಬುದು. ಅಕ್ಕಪಕ್ಕದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರಿಗೆ ಮೊಟ್ಟೆ ಉಷ್ಣ, ಇನ್ನೊಬ್ಬರಿಗೆ ಬಾಳೆಹಣ್ಣು ಶೀತ, ಮತ್ತೊಬ್ಬರು ಡಬ್ಬಿಯ ಪುಡಿ ತನ್ನಿ ಎನ್ನುತ್ತಾರೆ. ಇಷ್ಟೆಲ್ಲದರ ನಡುವೆ ಒಂದು ಸಣ್ಣ ಕೆಲಸ ಮಾತ್ರ ಬಿಟ್ಟುಹೋಗುತ್ತದೆ. ರೋಗಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ನೋಡಿ ಬರೆದಿಡುವುದು. ಈ ಸಲ ಆ ತೂಕವನ್ನೇ ಹಿಡಿದುಕೊಂಡು ಮಾತನಾಡೋಣ.

ಟಿ.ಬಿ. ಮತ್ತು ಊಟದ ಸಂಬಂಧಕ್ಕೆ ನಮ್ಮ ದೇಶದಲ್ಲಿ ಒಂದು ವಿಚಿತ್ರ ಚರಿತ್ರೆ ಇದೆ. 1950ರ ದಶಕದ ಕೊನೆಗೆ ಮದರಾಸಿನಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಕೆಲವು ರೋಗಿಗಳನ್ನು ಸ್ಯಾನಿಟೋರಿಯಂನಲ್ಲಿಟ್ಟು ಒಳ್ಳೆಯ ಊಟ, ವಿಶ್ರಾಂತಿ ಕೊಟ್ಟರು. ಇನ್ನು ಕೆಲವರಿಗೆ ಅದೇ ಔಷಧಿ ಕೊಟ್ಟು ಅವರವರ ಬಡ ಮನೆಗಳಲ್ಲೇ ಬಿಟ್ಟರು. ಇಬ್ಬರಲ್ಲೂ ಕಾಯಿಲೆ ಹೆಚ್ಚುಕಡಿಮೆ ಒಂದೇ ರೀತಿ ವಾಸಿಯಾಯಿತು. ಮನೆಯಲ್ಲಿದ್ದೇ ಟಿ.ಬಿ. ಗುಣಪಡಿಸಬಹುದು ಎಂದು ಜಗತ್ತು ಕಲಿತದ್ದು ಈ ಅಧ್ಯಯನದಿಂದ. ಅದು ದೊಡ್ಡ ಉಪಕಾರವೇ ಸರಿ. ಆದರೆ ಅದರ ಜೊತೆಗೆ "ಔಷಧಿ ಸಾಕು, ಊಟದ ಚಿಂತೆ ಬೇಡ" ಎಂಬ ಅರ್ಥವೂ ಅಂಟಿಕೊಂಡಿತು. ಊಟ ಎಂಬುದು ದಶಕಗಳ ಕಾಲ ಔಷಧಿಯ ಚೀಟಿಯಿಂದ ಹೊರಗೇ ಉಳಿಯಿತು.

ಅದನ್ನು ಮತ್ತೆ ಒಳಗೆ ತಂದವರಲ್ಲಿ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಪ್ರಮುಖರು. ಅವರ ತಂಡ 2019ರಿಂದ 2022ರವರೆಗೆ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳನ್ನೂ ಅವರ ಮನೆಯವರನ್ನೂ ಹತ್ತಿರದಿಂದ ಗಮನಿಸಿತು. ರೋಗಿಗಳಲ್ಲಿ ಐವರಲ್ಲಿ ನಾಲ್ವರು ಇರಬೇಕಾದಷ್ಟು ತೂಕ ಇಲ್ಲದವರು. ಎಲ್ಲ ರೋಗಿಗಳಿಗೂ ಔಷಧಿಯ ಜೊತೆ ತಿಂಗಳಿಗೆ ಹತ್ತು ಕಿಲೋ ಆಹಾರ ಸಿಕ್ಕಿತು. ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ, ಅದರ ಮೇಲೆ ವಿಟಮಿನ್ ಮಾತ್ರೆ. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನೆನಪಿಟ್ಟುಕೊಳ್ಳಬೇಕಾದ ಒಂದು ಅಂಶವಿದೆ. ಮೊದಲ ಎರಡು ತಿಂಗಳಲ್ಲಿ ಯಾರ ತೂಕ ಶೇಕಡಾ 5ರಷ್ಟು ಏರಿತೋ ಅವರಲ್ಲಿ ಸಾವಿನ ಅಪಾಯ ಸುಮಾರು ಶೇಕಡಾ 60ರಷ್ಟು ಕಡಿಮೆ ಇತ್ತು.

ಶೇಕಡಾ 5 ಎಂದರೆ 40 ಕಿಲೋ ಇರುವವರಿಗೆ ಎರಡು ಕಿಲೋ. ಅಷ್ಟೇ. ಆದರೆ ಆ ಎರಡು ಕಿಲೋ ತಾನಾಗಿ ಬರುವುದಿಲ್ಲ.

ಗೌಂಡಿಯ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಯಾದಗಿರಿ ಕಡೆಯಿಂದ ಪುಣೆಗೆ ಬಂದು ಗೌಂಡಿ ಕೆಲಸ ಮಾಡುವ ಒಬ್ಬ ಮನುಷ್ಯ. ವಯಸ್ಸು 35, ಎತ್ತರ 165 ಸೆಂಟಿಮೀಟರ್, ತೂಕ 43 ಕಿಲೋ. ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು. ಕಫ ಪರೀಕ್ಷೆಯಲ್ಲಿ ಟಿ.ಬಿ. ಎಂದು ಬಂದಿದೆ, ಮಾತ್ರೆ ಶುರುವಾಗಿದೆ, ಕೆಲಸ ನಿಂತಿದೆ.

ಮೊದಲು ಇವರು ಎಷ್ಟು ಸೊರಗಿದ್ದಾರೆ ಎಂದು ನೋಡಬೇಕು. ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಬೇಕು, ಎತ್ತರ ಮೀಟರಿನಲ್ಲಿರಬೇಕು. 43ನ್ನು 1.65ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 1.65ರಿಂದ ಭಾಗಿಸಿದರೆ 15.8 ಬರುತ್ತದೆ. ಡಾಕ್ಟರು ಬಿ.ಎಂ.ಐ. ಎನ್ನುವುದು ಇದನ್ನೇ. 18.5ಕ್ಕಿಂತ ಕಡಿಮೆ ಇದ್ದರೆ ಅಪೌಷ್ಟಿಕತೆ, 16ಕ್ಕಿಂತ ಕೆಳಗೆ ಹೋದರೆ ತೀವ್ರ ಅಪೌಷ್ಟಿಕತೆ. 14ಕ್ಕಿಂತಲೂ ಕೆಳಗಿದ್ದರೆ ಮನೆಯಲ್ಲಿಟ್ಟುಕೊಳ್ಳದೆ ಆಸ್ಪತ್ರೆಗೆ ಸೇರಿಸುವುದೇ ಸರಿ. ಅಂಥವರಿಗೆ, ಅಥವಾ ವಾರಗಟ್ಟಲೆ ಏನೂ ತಿನ್ನದೆ ಮಲಗಿದ್ದವರಿಗೆ, ಪ್ರೀತಿಯಿಂದ ಮೊದಲ ದಿನವೇ ಹೋಳಿಗೆ ತುಪ್ಪ ಬಡಿಸಬಾರದು. ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ತುಂಬಿದರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಜೀವಕ್ಕೇ ಅಪಾಯವಾಗಬಹುದು. ಸ್ವಲ್ಪ ಸ್ವಲ್ಪವಾಗಿ, ಕೆಲವು ದಿನಗಳಲ್ಲಿ ಹೆಚ್ಚಿಸುತ್ತ ಹೋಗಬೇಕು.

ನಮ್ಮ ಗೌಂಡಿಯ ಎತ್ತರಕ್ಕೆ ತಕ್ಕ ತೂಕ ಸುಮಾರು 57 ಕಿಲೋ. ಆ ತೂಕದ ಲೆಕ್ಕದಲ್ಲಿ ಅವರಿಗೆ ದಿನಕ್ಕೆ ಸುಮಾರು 2,300 ಕ್ಯಾಲೊರಿ ಬೇಕು, 70ರಿಂದ 85 ಗ್ರಾಂ ಪ್ರೋಟೀನ್ ಬೇಕು. ಈಗ ಏನು ತಿನ್ನುತ್ತಿದ್ದಾರೆ? ಎರಡು ಹೊತ್ತಿಗೆ ಸೇರಿ 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ, 100 ಗ್ರಾಂ ಅಕ್ಕಿಯ ಅನ್ನ, ತೆಳ್ಳಗಿನ ಸಾರಿನಲ್ಲಿ 25 ಗ್ರಾಂ ತೊಗರಿಬೇಳೆ, ಒಗ್ಗರಣೆಗೆ ಎರಡು ಚಮಚ ಎಣ್ಣೆ, ಮೂರು ಸಲ ಚಹಾ. ಕೂಡಿಸಿದರೆ 1,300 ಕ್ಯಾಲೊರಿ ಆಗುತ್ತದೆ, ಪ್ರೋಟೀನ್ 36 ಗ್ರಾಂ. ಅಂದರೆ ಸಾವಿರ ಕ್ಯಾಲೊರಿ ಕಡಿಮೆ, ಪ್ರೋಟೀನ್ ಅರ್ಧಕ್ಕರ್ಧ ಕಡಿಮೆ.

ಈ ಸಾವಿರವನ್ನು ಇನ್ನೆರಡು ರೊಟ್ಟಿ ಒತ್ತಾಯಿಸಿ ತಿನ್ನಿಸಿ ತುಂಬಲಾಗದು. ಹಸಿವೇ ಇಲ್ಲದವರಿಗೆ ತಟ್ಟೆ ದೊಡ್ಡದು ಮಾಡಿದರೆ ಕಂಡೊಡನೆ ವಾಕರಿಕೆ ಬರುತ್ತದೆ. ಕಡಿಮೆ ಜಾಗದಲ್ಲಿ ಹೆಚ್ಚು ಶಕ್ತಿ ಇರುವ ಪದಾರ್ಥ ಬೇಕು, ಅದನ್ನು ದಿನಕ್ಕೆ ಐದಾರು ಸಲ ಹಂಚಬೇಕು. ಒಂದು ಹಿಡಿ ತುಂಬ, ಸುಮಾರು 50 ಗ್ರಾಂ ಶೇಂಗಾ ಎಂದರೆ 280 ಕ್ಯಾಲೊರಿ. ಅದನ್ನು ಹುರಿದು ತಿನ್ನಲಿ, ಇಲ್ಲವೇ ಶೇಂಗಾ ಹಿಂಡಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳಲಿ. ಅರ್ಧ ಲೀಟರ್ ಹಾಲು ಸುಮಾರು 290. ಎರಡು ಮೊಟ್ಟೆ 150. ಸಾರಿನ ಬದಲು ಗಟ್ಟಿ ಬೇಳೆ ಮಾಡಿ ಇನ್ನೊಂದು 50 ಗ್ರಾಂ ಬೇಳೆ ಸೇರಿಸಿದರೆ 170. ರೊಟ್ಟಿಗೋ ಅನ್ನಕ್ಕೋ ಮೇಲಿಂದ ಎರಡು ಚಮಚ ಎಣ್ಣೆ ಬಿಟ್ಟರೆ 90. ಇಷ್ಟೂ ಕೂಡಿದರೆ 980 ಕ್ಯಾಲೊರಿ, ಪ್ರೋಟೀನ್ ಸುಮಾರು 52 ಗ್ರಾಂ. ಕೊರತೆ ತುಂಬಿತು. ಮೊಟ್ಟೆ ತಿನ್ನದವರು ಅದರ ಬದಲು ಇನ್ನಷ್ಟು ಪುಠಾಣಿ ಇಟ್ಟುಕೊಳ್ಳಬಹುದು.

ಈ ಲೆಕ್ಕದ ಪಕ್ಕದಲ್ಲಿ ಗ್ಲೂಕೋಸ್ ಬಾಟಲಿಯನ್ನು ಇಟ್ಟು ನೋಡಿ. "ತುಂಬಾ ವೀಕ್ ಆಗಿದ್ದಾರೆ, ಒಂದು ಬಾಟಲಿ ಹಾಕಿಸಿ" ಎಂದು ಗಲ್ಲಿಯ ದವಾಖಾನೆಯಲ್ಲಿ ನೂರಾರು ರೂಪಾಯಿ ತೆಗೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಹಾಕುವ ಅರ್ಧ ಲೀಟರಿನ ಬಾಟಲಿಯಲ್ಲಿ ನೂರು ಕ್ಯಾಲೊರಿಯೂ ಇರುವುದಿಲ್ಲ. 20 ಗ್ರಾಂ ಶೇಂಗಾದಲ್ಲಿ ಅದಕ್ಕಿಂತ ಹೆಚ್ಚಿದೆ. ಡಬ್ಬಿಯ ಪ್ರೋಟೀನ್ ಪುಡಿ ಕೆಟ್ಟದ್ದೇನಲ್ಲ. ಆದರೆ ಹಲವು ಡಬ್ಬಿಗಳಲ್ಲಿ ಸಕ್ಕರೆಯ ಪಾಲೇ ದೊಡ್ಡದು, ಮತ್ತು ಅದೇ ದುಡ್ಡಿಗೆ ಬರುವ ಬೇಳೆ, ಶೇಂಗಾದಲ್ಲಿ ಪ್ರೋಟೀನ್ ಹೆಚ್ಚು. ಕೊಳ್ಳುವ ಮೊದಲು ಡಬ್ಬಿಯ ಹಿಂಭಾಗ ಓದಿ.

ಮಾತ್ರೆ ಮತ್ತು ಊಟ

ಇಷ್ಟು ತಿನ್ನಿಸಲು ಹೊರಟಾಗ ಮಾತ್ರೆ ಅಡ್ಡ ಬರುತ್ತದೆ, ಊಟವೂ ಮಾತ್ರೆಗೆ ಅಡ್ಡ ಬರುತ್ತದೆ. ಸಾಮಾನ್ಯ ಟಿ.ಬಿ.ಗೆ ಕೊಡುವ ಮಾತ್ರೆಗಳಲ್ಲಿ ರಿಫಾಂಪಿಸಿನ್ ಮತ್ತು ಐಸೋನಿಯಾಜಿಡ್ ಎಂಬ ಎರಡು ಮುಖ್ಯ ಔಷಧಿಗಳು ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಹೀರಲ್ಪಡುತ್ತವೆ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಊಟವಾಗಿ ಎರಡು ಗಂಟೆಯ ನಂತರ ನುಂಗಬೇಕು. ನಮ್ಮ ಗೌಂಡಿ ಬೆಳಿಗ್ಗೆ ಎದ್ದು ಆರಕ್ಕೆ ನೀರಿನಲ್ಲಿ ಮಾತ್ರೆ ನುಂಗಿ, ಏಳಕ್ಕೆ ಹಾಲು, ಮೊಟ್ಟೆ, ರೊಟ್ಟಿ ತಿಂದರೆ ಎರಡೂ ಕೆಲಸ ಆಗುತ್ತದೆ.

ಹೊಟ್ಟೆ ತೊಳಸಿದರೆ? ಬಹಳ ಜನ ಮಾತ್ರೆ ಬಿಡುವುದೇ ಇಲ್ಲಿ. ಬಿಡಬೇಡಿ. ಎರಡು ಬಿಸ್ಕತ್ತು ಅಥವಾ ಒಂದು ಇಡ್ಲಿಯಂಥ ಎಣ್ಣೆಯಿಲ್ಲದ ಹಗುರ ತಿಂಡಿಯೊಂದಿಗೆ ನುಂಗಿ, ಇಲ್ಲವೇ ರಾತ್ರಿ ಊಟವಾಗಿ ಎರಡು ಗಂಟೆ ಕಳೆದು ಮಲಗುವಾಗ ತೆಗೆದುಕೊಳ್ಳುವ ಬಗ್ಗೆ ಕೇಂದ್ರದವರನ್ನು ಕೇಳಿ. ಹೀರಿಕೆ ತುಸು ಕಡಿಮೆಯಾದರೂ ಸರಿ, ಮಾತ್ರೆಯೇ ಹೊಟ್ಟೆಗೆ ಹೋಗದಿರುವುದಕ್ಕಿಂತ ಮೇಲು. ಹೊಟ್ಟೆಯುರಿಗೆ ಆಂಟಾಸಿಡ್ ಕುಡಿಯುವ ಅಭ್ಯಾಸ ಇದ್ದರೆ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಹಲವು ಆಂಟಾಸಿಡ್‌ಗಳಲ್ಲಿರುವ ಅಲ್ಯೂಮಿನಿಯಂ ಐಸೋನಿಯಾಜಿಡ್ ಹೀರಲು ಬಿಡುವುದಿಲ್ಲ.

ಇನ್ನು ವಿಟಮಿನ್. ಐಸೋನಿಯಾಜಿಡ್ ದೇಹದಲ್ಲಿನ ಬಿ6 ವಿಟಮಿನ್ನನ್ನು ಕಳೆಯುತ್ತದೆ. ಸೊರಗಿದವರಲ್ಲಿ, ಗರ್ಭಿಣಿಯರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಕುಡಿಯುವ ಚಟವಿದ್ದವರಲ್ಲಿ ಇದರಿಂದ ಅಂಗಾಲು ಉರಿ, ಜೋಮು ಕಾಣಿಸಿಕೊಳ್ಳುತ್ತದೆ. ಬಾರದಂತೆ ತಡೆಯಲು ಪಿರಿಡಾಕ್ಸಿನ್ ಎಂಬ ಬಿ6 ಮಾತ್ರೆ ದಿನಕ್ಕೆ 10 ಮಿಲಿಗ್ರಾಂ ಸಾಕು, ಟಿ.ಬಿ. ಕೇಂದ್ರದಲ್ಲೇ ಕೇಳಿ. ಬಲ ಬರಲೆಂದು ಕೈಗೆ ಸಿಕ್ಕ ಟಾನಿಕ್, ಕಬ್ಬಿಣದ ಮಾತ್ರೆ, ಹೆಸರಿಲ್ಲದ ಕಷಾಯ ಎಲ್ಲವನ್ನೂ ಸೇರಿಸಬೇಡಿ. ಟಿ.ಬಿ. ರೋಗಿಯ ರಕ್ತಹೀನತೆಯಲ್ಲಿ ದೊಡ್ಡ ಪಾಲು ಕಾಯಿಲೆಯಿಂದಲೇ ಬಂದದ್ದು, ಔಷಧಿ ಕೆಲಸ ಮಾಡಿದಂತೆ ಅದು ಸುಧಾರಿಸುತ್ತದೆ. ಕಬ್ಬಿಣ ಬೇಕೋ ಬೇಡವೋ ಎಂದು ಡಾಕ್ಟರು ರಕ್ತ ನೋಡಿ ಹೇಳಲಿ. ಕಷಾಯಗಳ ಭಯ ಬೇರೆಯೇ. ಟಿ.ಬಿ. ಮಾತ್ರೆಗಳಿಂದ ಮೊದಲೇ ದಣಿದಿರುವ ಯಕೃತ್ತಿಗೆ ಇನ್ನೊಂದು ಹೊರೆ ಬೇಡ. ಸಾರಾಯಿಗೂ ಇದೇ ಮಾತು.

ಮುಂಬಯಿಯ ನಮ್ಮ ಕರಾವಳಿಯ ಬಂಧುಗಳಿಗೆ ಒಂದು ವಿಶೇಷ ಸೂಚನೆ. ಬಂಗುಡೆ, ಕೇದಾರದಂಥ ಮೀನು ಸರಿಯಾಗಿ ಐಸಿನಲ್ಲಿಡದೆ ಹಳಸಿದಾಗ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಅದನ್ನು ಕರಗಿಸುವ ದೇಹದ ಶಕ್ತಿಯನ್ನು ಐಸೋನಿಯಾಜಿಡ್ ತಡೆಯುತ್ತದೆ. ಊಟವಾದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ತಲೆ ಸಿಡಿದು, ಎದೆ ಹೊಡೆದುಕೊಂಡು, ಮೈ ತುರಿಸಿದರೆ ಇದೇ ಕಾರಣ ಇರಬಹುದು. ಕುದಿಸಿದರೂ ಹಿಸ್ಟಮಿನ್ ಹೋಗುವುದಿಲ್ಲ. ಮೀನು ಬಿಡಬೇಕೆಂದಿಲ್ಲ, ಒಳ್ಳೆಯ ಪ್ರೋಟೀನ್ ಅದು. ತಾಜಾ ಮೀನು ತನ್ನಿ, ತಂದ ದಿನವೇ ಮುಗಿಸಿ, ಸಂಜೆಯ ಸಂತೆಯಲ್ಲಿ ಅಗ್ಗಕ್ಕೆ ಸುರಿಯುವುದನ್ನು ಬಿಟ್ಟುಬಿಡಿ. ಹೀಗೇನಾದರೂ ಆದರೆ ಡಾಕ್ಟರಿಗೆ ತಿಳಿಸಿ, "ಮಾತ್ರೆ ಆಗಿಬರುವುದಿಲ್ಲ" ಎಂದು ನೀವೇ ತೀರ್ಮಾನಿಸಿ ನಿಲ್ಲಿಸಬೇಡಿ.

ಔಷಧಿ ನಿರೋಧಕ ಟಿ.ಬಿ.ಯವರಿಗೆ ಮೇಲಿನ ನಿಯಮ ತಿರುಗುಮುರುಗಾಗುತ್ತದೆ. ಬೆಡಾಕ್ವಿಲಿನ್ ಎಂಬ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು, ಆಗ ಹೆಚ್ಚು ಹೀರಲ್ಪಡುತ್ತದೆ. ಲಿವೋಫ್ಲಾಕ್ಸಸಿನ್ ತೆಗೆದುಕೊಳ್ಳುವವರು ಕಬ್ಬಿಣ, ಕ್ಯಾಲ್ಸಿಯಂ, ಸತುವಿನ ಮಾತ್ರೆಗಳನ್ನು ಅದರ ಹಿಂದೆಮುಂದೆ ಎರಡು ಗಂಟೆ ಮುಟ್ಟಬಾರದು, ಹಾಲನ್ನೂ ದೂರವಿಡುವುದು ಒಳ್ಳೆಯದು. ಹಾಗಾಗಿ ಪಕ್ಕದ ಮನೆಯ ರೋಗಿಯನ್ನು ನೋಡಿ ನಿಮ್ಮ ವೇಳೆ ಗೊತ್ತುಮಾಡಬೇಡಿ. ಸಕ್ಕರೆ ಕಾಯಿಲೆ ಇದ್ದವರು, ಗರ್ಭನಿರೋಧಕ ಮಾತ್ರೆ ನುಂಗುವ ಹೆಂಗಸರು ಅದನ್ನು ಮೊದಲ ದಿನವೇ ಹೇಳಬೇಕು. ರಿಫಾಂಪಿಸಿನ್ ಹಲವು ಸಕ್ಕರೆ ಮಾತ್ರೆಗಳ ಬಲವನ್ನೂ ಗರ್ಭನಿರೋಧಕದ ಬಲವನ್ನೂ ತಗ್ಗಿಸುತ್ತದೆ.

ತಕ್ಕಡಿ ಏನು ಹೇಳುತ್ತದೆ

ಹದಿನೈದು ದಿನಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಚಪ್ಪಲಿ ಬಿಟ್ಟು, ಒಂದೇ ಬಗೆಯ ಬಟ್ಟೆಯಲ್ಲಿ ತೂಕ ನೋಡಿ. ನಮ್ಮ ಗೌಂಡಿ ಎರಡು ತಿಂಗಳಲ್ಲಿ 43ರಿಂದ 45ರ ಮೇಲೆ ಬಂದರೆ ದಾರಿ ಸರಿಯಿದೆ. 46ಕ್ಕೆ ಮುಟ್ಟಿದರೆ ಇನ್ನೂ ಒಳ್ಳೆಯದು. ಕಾಲು ಊದಿಕೊಂಡಿದ್ದರೆ ಆ ತೂಕವನ್ನು ನಂಬಬೇಡಿ, ಅದು ನೀರು. ಮೊಣಕಾಲ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಗುಳಿ ಹಾಗೇ ಉಳಿದರೆ ಡಾಕ್ಟರಿಗೆ ತೋರಿಸಿ. ತೂಕ ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಮಾತ್ರೆಯ ಸಂಖ್ಯೆ ತೂಕದ ಮೇಲೆ ನಿಂತಿದೆ. 35ರಿಂದ 49 ಕಿಲೋದವರಿಗೆ ದಿನಕ್ಕೆ ಮೂರು, 50 ದಾಟಿದರೆ ನಾಲ್ಕು. ಐದಾರು ತಿಂಗಳಲ್ಲಿ ಅವರು 50 ದಾಟಿದರೆ ಕೇಂದ್ರಕ್ಕೆ ಹೇಳಲೇಬೇಕು, ಇಲ್ಲವಾದರೆ ಹಳೆಯ ಮೂರೇ ಮುಂದುವರಿದು ಡೋಸು ಕಡಿಮೆಯಾಗುತ್ತದೆ.

ತೂಕ ಏರದಿದ್ದರೆ ಕಾರಣ ಹುಡುಕಬೇಕು. ಮಾತ್ರೆ ತಪ್ಪುತ್ತಿದೆಯೇ, ಸಕ್ಕರೆ ಕಾಯಿಲೆ ಅಡಗಿದೆಯೇ, ಎಚ್.ಐ.ವಿ. ಪರೀಕ್ಷೆ ಆಗಿದೆಯೇ, ಕ್ರಿಮಿ ಔಷಧಿಗೆ ಬಗ್ಗುತ್ತಿಲ್ಲವೇ ಎಂದು ಡಾಕ್ಟರು ನೋಡುತ್ತಾರೆ. ಮನೆಯವರು ಗಮನಿಸಬೇಕಾದ ಒಂದು ಲಕ್ಷಣವಿದೆ. ಮೊದಲ ಕೆಲವು ವಾರಗಳಲ್ಲಿ ಹಸಿವು ಮರಳಿ ಬಂದು, ಆಮೇಲೆ ಇದ್ದಕ್ಕಿದ್ದಂತೆ ಊಟ ಬೇಡವಾದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ ಅದು ಯಕೃತ್ತಿನ ತೊಂದರೆ ಇರಬಹುದು. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣವಾಗುವುದು ಸಹಜ, ಹೆದರಬೇಕಿಲ್ಲ. ಕಣ್ಣಿನ ಬಿಳಿಭಾಗ ಹಳದಿಯಾಗುವುದು ಸಹಜವಲ್ಲ. ಆಗ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮತ್ತೆ ಯಾವಾಗ, ಯಾವುದರಿಂದ ಶುರು ಎಂದು ಅವರೇ ಹೇಳುತ್ತಾರೆ.

ಆದರೆ ತೂಕ ಏರದಿರುವುದಕ್ಕೆ ಬಹಳ ಮನೆಗಳಲ್ಲಿ ಕಾರಣ ಇದಾವುದೂ ಅಲ್ಲ. ರೋಗಿಗೆಂದು ತಂದ ಅರ್ಧ ಲೀಟರ್ ಹಾಲು ಐದು ಲೋಟವಾಗುತ್ತದೆ. ಯಾವ ತಂದೆ ಮಕ್ಕಳೆದುರು ಒಬ್ಬನೇ ಮೊಟ್ಟೆ ಸುಲಿದು ತಿಂದಾನು? ರೋಗಿ ಸೊಸೆಯಾಗಿದ್ದರೆ ಇನ್ನೂ ಕಷ್ಟ, ಅವಳ ತಟ್ಟೆಗೆ ಎಲ್ಲರದೂ ಮುಗಿದ ಮೇಲೆ ಉಳಿದದ್ದು. ಹಂಚಿ ತಿನ್ನಬೇಡಿ ಎಂದು ಉಪದೇಶ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಮನೆಗೆ ಬರುವ ಆಹಾರವೇ ಹೆಚ್ಚಬೇಕು.

ಜಾರ್ಖಂಡ್ ಅಧ್ಯಯನದ ಎರಡನೆಯ ಪಾಠ ಇದೇ. ಅಲ್ಲಿ ಅರ್ಧದಷ್ಟು ಮನೆಗಳಲ್ಲಿ ರೋಗಿಯ ಬುಟ್ಟಿಯ ಜೊತೆ ಮನೆಯ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ವಿಟಮಿನ್ ಮಾತ್ರೆ ಕೊಟ್ಟರು. ಉಳಿದ ಮನೆಗಳಲ್ಲಿ ರೋಗಿಗೆ ಮಾತ್ರ. ಎಲ್ಲರಿಗೂ ಕೊಟ್ಟ ಮನೆಗಳಲ್ಲಿ ಹೊಸದಾಗಿ ಟಿ.ಬಿ. ಬಂದವರು ಸುಮಾರು ಶೇಕಡಾ 39ರಷ್ಟು ಕಡಿಮೆ. ಹೊಟ್ಟೆ ತುಂಬಿದವರ ದೇಹ ಕ್ರಿಮಿಯನ್ನು ಅಡಗಿಸಿಡುತ್ತದೆ.

ಹಾಗಾದರೆ ಊರು ಬಿಟ್ಟು ಬಂದ ಮನೆಗೆ ಏನೇನು ಸಿಗುತ್ತದೆ? ಮೊದಲನೆಯದು ಪಡಿತರ. ಯಾದಗಿರಿಯ ಕಾರ್ಡು ಪುಣೆಯಲ್ಲೂ ನಡೆಯುತ್ತದೆ. 'ಒಂದು ದೇಶ ಒಂದು ರೇಷನ್ ಕಾರ್ಡ್' ವ್ಯವಸ್ಥೆ 2022ರಿಂದ ಎಲ್ಲ ರಾಜ್ಯಗಳಲ್ಲೂ ಇದೆ. ಆಧಾರ್ ಜೋಡಣೆಯಾಗಿರಬೇಕು, ಅಷ್ಟೆ. ಆದ್ಯತಾ ಕಾರ್ಡಿನವರಿಗೆ ತಲೆಗೆ 5 ಕಿಲೋ ಧಾನ್ಯ ಉಚಿತ. ಕರ್ನಾಟಕ ಸರ್ಕಾರ ಮೇಲಿಂದ ಕೊಡುವುದು ಮಾತ್ರ ಹೊರರಾಜ್ಯದಲ್ಲಿ ಸಿಗದು. ತಾಯಿ ಊರಲ್ಲೇ ಇದ್ದರೆ ಅವರ ಪಾಲು ಅಲ್ಲಿ, ಉಳಿದವರದು ಇಲ್ಲಿ ಎಂದು ಬೇರೆಬೇರೆಯಾಗಿಯೂ ತೆಗೆದುಕೊಳ್ಳಬಹುದು. ಗಮನಿಸಿ, ತಲೆಗೆ 5 ಕಿಲೋ ಎಂದರೆ ಜಾರ್ಖಂಡ್ ಬುಟ್ಟಿಯ ಅಕ್ಕಿಯ ಪಾಲು ಬಂದಂತಾಯಿತು. ಬಾರದಿರುವುದು ಬೇಳೆ. ನಾಲ್ವರಿಗೆ ತಿಂಗಳಿಗೆ 6 ಕಿಲೋ.

ಎರಡನೆಯದು ನಿಕ್ಷಯ್ ಪೋಷಣ್ ಯೋಜನೆಯ ಹಣ. 2018ರಲ್ಲಿ ತಿಂಗಳಿಗೆ 500 ರೂಪಾಯಿಂದ ಶುರುವಾದದ್ದು 2024ರ ನವೆಂಬರಿನಿಂದ 1,000 ಆಗಿದೆ. ಆರು ತಿಂಗಳ ಚಿಕಿತ್ಸೆಗೆ 3,000ದಂತೆ ಎರಡು ಕಂತು, ನೇರ ಬ್ಯಾಂಕಿಗೆ. ಖಾಸಗಿ ಡಾಕ್ಟರಲ್ಲಿ ಚಿಕಿತ್ಸೆ ಪಡೆಯುವವರಿಗೂ ಉಂಟು, ಆದರೆ ಆ ಡಾಕ್ಟರು ಹೆಸರು ನೋಂದಾಯಿಸಿ ನಿಕ್ಷಯ್ ಸಂಖ್ಯೆ ಕೊಟ್ಟಿರಬೇಕು. ಹಣ ನಿಲ್ಲುವುದು ಸಾಮಾನ್ಯವಾಗಿ ಖಾತೆಯ ತೊಡಕಿನಿಂದ, ಆದ್ದರಿಂದ ಪಾಸ್‌ಬುಕ್ಕು ಮತ್ತು ಆಧಾರನ್ನು ಮೊದಲ ವಾರವೇ ಕೇಂದ್ರದಲ್ಲಿ ತೋರಿಸಿ. ಈ ಸಾವಿರ ರೂಪಾಯಿ ದಿನಕ್ಕೆ ಅರ್ಧ ಲೀಟರ್ ಹಾಲು ತಂದರೆ ಹೆಚ್ಚುಕಡಿಮೆ ಅದಕ್ಕೇ ಮುಗಿಯುತ್ತದೆ. ಕೈ ಬಿಗಿ ಇದ್ದಾಗ ಮೊದಲು ಶೇಂಗಾ, ಬೇಳೆ, ಮೊಟ್ಟೆ ಕೊಳ್ಳಿ, ಉಳಿದರೆ ಹಾಲು ಎನ್ನುವುದು ನನ್ನ ಅಭಿಪ್ರಾಯ.

ಬಿ.ಎಂ.ಐ. 18.5ಕ್ಕಿಂತ ಕಡಿಮೆ ಇದ್ದವರಿಗೆ ಮೊದಲ ಎರಡು ತಿಂಗಳು ಹೆಚ್ಚು ಶಕ್ತಿಯ ಪೂರಕ ಆಹಾರ ಕೊಡುವುದಾಗಿಯೂ ಕೇಂದ್ರ ಸರ್ಕಾರ 2024ರಲ್ಲಿ ಪ್ರಕಟಿಸಿತು. ಎಲ್ಲ ಕೇಂದ್ರಗಳಲ್ಲೂ ತಾವಾಗಿ ಹೇಳುತ್ತಾರೆಂದು ಕಾಯಬೇಡಿ, ಕೇಳಿ. ಹಾಗೆಯೇ 'ನಿಕ್ಷಯ್ ಮಿತ್ರ' ಎಂಬ ದಾನಿಗಳ ಏರ್ಪಾಡು 2022ರಿಂದ ಇದೆ. ಸಂಘ ಸಂಸ್ಥೆಗಳು, ಕಂಪನಿಗಳು, ನಿಮ್ಮ ನಮ್ಮಂಥವರು ಒಬ್ಬ ರೋಗಿಯ ಆಹಾರದ ಬುಟ್ಟಿಯ ಹೊಣೆ ಹೊರಬಹುದು. 2024ರಿಂದ ರೋಗಿಯ ಮನೆಯವರಿಗೂ ಬುಟ್ಟಿ ಕೊಡಲು ಅವಕಾಶವಾಗಿದೆ. ಹೊರನಾಡಿನಲ್ಲಿ ಇಷ್ಟೊಂದು ಕನ್ನಡ ಸಂಘಗಳಿವೆ. ರಾಜ್ಯೋತ್ಸವದ ಊಟದ ಖರ್ಚಿನ ಒಂದು ಪಾಲಿನಲ್ಲಿ ಒಂದು ಮನೆಯ ತಿಂಗಳ 6 ಕಿಲೋ ಬೇಳೆ ಖಂಡಿತ ಬರುತ್ತದೆ. ವಿಚಾರಿಸಲು ಉಚಿತ ದೂರವಾಣಿ 1800-11-6666.

ಕೊನೆಗೆ ಮನೆಯ ಉಳಿದವರ ಮಾತು. ರೋಗಿಗೆ ತಟ್ಟೆ ಲೋಟ ಬೇರೆ ಇಡುವುದರಿಂದ ಯಾರಿಗೂ ಪ್ರಯೋಜನವಿಲ್ಲ, ಟಿ.ಬಿ. ಗಾಳಿಯಿಂದ ಹರಡುವುದೇ ಹೊರತು ಎಂಜಲಿನಿಂದಲ್ಲ. ಕಿಟಕಿ ತೆರೆದಿಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಇರಲಿ. ಮತ್ತು ಗೌಂಡಿ ತೂಕ ನೋಡಿಸಲು ಹೋಗುವಾಗ ತಾಯಿ, ಹೆಂಡತಿ, ಮಕ್ಕಳನ್ನೂ ಒಮ್ಮೆ ಕರೆದುಕೊಂಡು ಹೋಗಲಿ. ಅವರಲ್ಲಿ ಕಾಯಿಲೆ ಇಲ್ಲವೆಂದು ಖಚಿತವಾದರೆ ಬಾರದಂತೆ ತಡೆಯುವ ಮಾತ್ರೆ ಕೊಡುತ್ತಾರೆ. ಅದೇ ತಕ್ಕಡಿಯ ಮೇಲೆ ಅವರೂ ಒಬ್ಬೊಬ್ಬರಾಗಿ ನಿಲ್ಲಲಿ, ಅವರ ತೂಕವನ್ನೂ ಅದೇ ಹಾಳೆಯಲ್ಲಿ ಬರೆದುಕೊಂಡು ಬನ್ನಿ.